ಭಾನುವಾರ ಇಎಂಐ ಕಟ್ ಆಗಲ್ಲ ಅನ್ನೋ ಮೆಸೇಜ್ ಹಳೇದು

"ಭಾನುವಾರ ಬ್ಯಾಂಕ್ ರಜೆ. ನೆಫ್ಟ್, ಆರ್‌ಟಿಜಿಎಸ್, ಇಎಂಐ ಯಾವುದೂ ನಡೆಯಲ್ಲ, ಯುಪಿಐ ಒಂದೇ ಗತಿ."

ತಪ್ಪು. ನೆಫ್ಟ್, ಅಂದರೆ ನ್ಯಾಷನಲ್ ಎಲೆಕ್ಟ್ರಾನಿಕ್ ಫಂಡ್ಸ್ ಟ್ರಾನ್ಸ್‌ಫರ್, 2019ರ ಡಿಸೆಂಬರ್‌ನಿಂದಲೇ ದಿನವಿಡೀ ನಡೆಯುತ್ತಿದೆ. ಆರ್‌ಟಿಜಿಎಸ್, ಅಂದರೆ ರಿಯಲ್ ಟೈಮ್ ಗ್ರಾಸ್ ಸೆಟಲ್‌ಮೆಂಟ್, 2020ರ ಡಿಸೆಂಬರ್‌ನಿಂದ. ಇದರಲ್ಲಿ ಕನಿಷ್ಠ 2 ಲಕ್ಷ ರೂಪಾಯಿ ಕಳಿಸಬೇಕು, ಒಂದೊಂದು ಪಾವತಿಯೂ ಬಂದ ಹಾಗೇ ಇತ್ಯರ್ಥವಾಗುತ್ತದೆ.

ಇಎಂಐ ಮಾತ್ರ ಇವುಗಳ ಜಾತಿಯದ್ದೇ ಅಲ್ಲ. ಅದು ಹಣ ಕಳಿಸುವ ದಾರಿಯಲ್ಲ, ಈಕ್ವೇಟೆಡ್ ಮಂತ್ಲಿ ಇನ್‌ಸ್ಟಾಲ್‌ಮೆಂಟ್, ಸಾಲದ ತಿಂಗಳ ಕಂತು ಅಷ್ಟೇ. ಅದು ಸಾಮಾನ್ಯವಾಗಿ ಕಟ್ ಆಗುವುದು ಖಾತೆಯಿಂದ ಹಣವನ್ನು ತಾನಾಗಿಯೇ ಎಳೆದುಕೊಳ್ಳುವ ನಾಚ್ ಅನ್ನೋ ವ್ಯವಸ್ಥೆಯಲ್ಲಿ, ಮತ್ತು ಈ ನಾಚ್ 2021ರ ಆಗಸ್ಟ್ 1ರಿಂದ ರಜೆ ದಿನಗಳಲ್ಲೂ ನಡೆಯುತ್ತದೆ. ಮೆಸೇಜ್ ನಂಬಿದವರು ಸಿಕ್ಕಿಬೀಳೋದು ಇಲ್ಲೇ.

ಕಂತಿನ ದಿನ 5, ಅವತ್ತು ಭಾನುವಾರ ಅಂತಿಟ್ಟುಕೊಳ್ಳಿ. ಬೆಳಿಗ್ಗೆ 9.10ಕ್ಕೆ ಇನ್ನೊಂದು ಖಾತೆಯಿಂದ ಕಂತು ಕಟ್ ಆಗೋ ಖಾತೆಗೆ ನೆಫ್ಟ್ ಮಾಡಿದಿರಿ. ನೆಫ್ಟ್ ಅರ್ಧ ಗಂಟೆಗೊಂದು ಕಂತೆಯಾಗಿ ಹೋಗುತ್ತದೆ, ಹಾಗಾಗಿ ನಿಮ್ಮದು 9.30ರ ಕಂತೆಗೆ ಸೇರಿ, ಆಮೇಲೆ ಖಾತೆಗೆ ಜಮಾ ಮಾಡಲು ಬ್ಯಾಂಕಿಗೆ ಇನ್ನೂ ಎರಡು ಗಂಟೆ ಸಮಯವಿರುತ್ತದೆ. ಅಷ್ಟರಲ್ಲಿ ಕಂತಿನ ಬೇಡಿಕೆ ಬಂದು ಹಣ ಸಾಲದಿದ್ದರೆ ಬೌನ್ಸ್, ದಂಡ, ಸಿಬಿಲ್‌ಗೂ ಏಟು. ನಿಮ್ಮ ಕಡೆ "ಡೆಬಿಟ್ ಆಯಿತು" ಅಂತ ಬಂದರೆ ಸಾಲದು, ಆ ಕಡೆಯ ಖಾತೆಯಲ್ಲಿ ಬ್ಯಾಲೆನ್ಸ್ ನೋಡಿ. ಇಂಥ ಗಡಿಬಿಡಿಗೆ ಯುಪಿಐ, ಅಂದರೆ ಯೂನಿಫೈಡ್ ಪೇಮೆಂಟ್ಸ್ ಇಂಟರ್‌ಫೇಸ್, ಸರಿ. ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದವರೆಗೆ ತಕ್ಷಣ ತಲುಪುತ್ತದೆ. ಆದರೂ ಹಿಂದಿನ ದಿನವೇ ಹಾಕಿಟ್ಟರೆ ಈ ತಲೆನೋವೇ ಇರಲ್ಲ, ಅಲ್ವಾ?