ಸರ್ವರ್ ಬಂದ್: ಎರಡು ದಿನ ಅಲ್ಲ, ಐದು ಗಂಟೆ

"ನಿಮ್ಮ ಬ್ಯಾಂಕಿನ ಸರ್ವರ್ ಎರಡು ದಿನ ಬಂದ್ ಅಂತೆ, ಇವತ್ತೇ ದುಡ್ಡೆಲ್ಲಾ ತೆಗೀಬೇಕಾ?"

ಬೇಡ. ಕೆಲಸ ಇರುವುದು ಈ ಶನಿವಾರ ರಾತ್ರಿ 11:30ರಿಂದ ಭಾನುವಾರ ಬೆಳಗಿನ ಜಾವ 4:30ರವರೆಗೆ ಮಾತ್ರ. ಖಾತೆಗಳ ಲೆಕ್ಕವನ್ನು ಹೊಸ ಸರ್ವರ್‌ಗೆ ಸಾಗಿಸುತ್ತಿದ್ದೇವೆ. ನಡುವೆ ವ್ಯವಹಾರ ನಡೆದರೆ ಬ್ಯಾಲೆನ್ಸ್ ತಾಳೆಯಾಗುವುದಿಲ್ಲ, ಅದಕ್ಕೇ ನಿಲ್ಲಿಸುತ್ತೇವೆ.

ಆಗ ಯುಪಿಐ, ಮೊಬೈಲ್ ಆ್ಯಪ್, ಎಟಿಎಂ ಕಾರ್ಡ್ ನಡೆಯುವುದಿಲ್ಲ. ಬೇರೆ ಬ್ಯಾಂಕಿನ ಎಟಿಎಂಗೆ ಹೋದರೂ ಅಷ್ಟೇ. ಅದೂ ನಮ್ಮ ಸರ್ವರನ್ನೇ ಕೇಳಬೇಕಲ್ವಾ? ನಿಮ್ಮ ಖಾತೆಗೆ ಬರುವ ಹಣವೂ ಆಗ ಜಮಾ ಆಗುವುದಿಲ್ಲ.

ದಾವಣಗೆರೆ ಬಸ್‌ ನಿಲ್ದಾಣದಿಂದ ರಾತ್ರಿ ಬಸ್ ಹತ್ತುವವರು, ನಸುಕಿನಲ್ಲೇ ಮಾರುಕಟ್ಟೆಗೆ ಹೋಗುವವರು 11 ಗಂಟೆಯೊಳಗೆ ಖರ್ಚಿಗೆ ಬೇಕಾದಷ್ಟು ನಗದು ತೆಗೆದಿಟ್ಟುಕೊಳ್ಳಿ. 11:30ರ ಹೊತ್ತಿಗೆ ಪಾವತಿ "ಪೆಂಡಿಂಗ್" ಅಂತ ನಿಂತರೆ ಮತ್ತೆ ಕಳಿಸಬೇಡಿ, ಎರಡು ಸಲ ಕಡಿತ ಆಗಬಹುದು. ಬೆಳಗ್ಗೆ ಸ್ಟೇಟ್‌ಮೆಂಟ್ ನೋಡಿ.