ಜಾರಿದ್ದು ಡಿಸ್ಕ್, ಜಾರಿಕೊಂಡಿದ್ದು ಮ್ಯಾನೇಜರ್

ಬೆಂಗಳೂರಿನಲ್ಲಿ ಜಿಮ್ ಸೇರಲು ಒಂದು ಕ್ಯೂಆರ್ ಕೋಡ್ ಸಾಕು. ಬಿಡಬೇಕೆಂದರೆ ಮಾತ್ರ ಮ್ಯಾನೇಜರ್ ಸಿಗಬೇಕು. ಅವರು ಸದಾ ‘ಮೀಟಿಂಗ್’ನಲ್ಲಿ. ಸೊಂಟದ ಡಿಸ್ಕ್ ಜಾರಿದೆ ಎಂದರೆ ಟ್ರೈನರ್ ಕೊಡುವ ಮದ್ದು, ‘ಬನ್ನಿ ಸಾರ್, ಲೈಟ್ ಆಗಿ ಡೆಡ್‌ಲಿಫ್ಟ್ ಮಾಡಿಸ್ತೀನಿ’.

ಆ ಟ್ರೈನರ್‌ಗೆ ವಾಟ್ಸ್‌ಆ್ಯಪ್ ಮಾಡಿ ನೆಮ್ಮದಿಯಿಂದ ಮಲಗಬೇಡಿ. ಮುಂದಿನ ತಿಂಗಳು ಅವರು ಬೇರೆ ಜಿಮ್‌ನಲ್ಲಿರುತ್ತಾರೆ. ರಸೀದಿಯಲ್ಲಿರುವ ಇಮೇಲ್‌ಗೆ ರದ್ದತಿ ಪತ್ರ ಕಳಿಸಿ, ಅದರದೇ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ. ಸದಸ್ಯತ್ವದ ಸಂಖ್ಯೆ, ಕಟ್ಟಿದ ಮೊತ್ತ, ರದ್ದಾಗಬೇಕಾದ ತಾರೀಖು, ವಾಪಸ್ ಬರಬೇಕಾದ ಹಣ, ಬ್ಯಾಂಕ್ ಖಾತೆ, ಉತ್ತರಕ್ಕೆ 15 ದಿನದ ಗಡುವು: ಇಷ್ಟಿದ್ದರೆ ಸಾಕು, ಕಣ್ಣೀರು ಬೇಡ.

ಹೆಚ್ಚಿನವರು ಎಡವುವುದು ವೈದ್ಯರ ಚೀಟಿಯಲ್ಲಿ. ‘ಎರಡು ವಾರ ವಿಶ್ರಾಂತಿ’ ಎಂದು ಬರೆಸಿಕೊಂಡು ಹೋದರೆ ಜಿಮ್ಮಿನವರಿಗೆ ಹಬ್ಬ. ‘ಎರಡೇ ವಾರ ತಾನೇ? ಫ್ರೀಜ್ ಮಾಡ್ತೀವಿ’ ಎನ್ನುತ್ತಾರೆ. ಸದಸ್ಯತ್ವ ಮುಗಿಯುವವರೆಗೂ ಭಾರ ಎತ್ತುವಂತಿಲ್ಲ ಎಂಬುದು ವೈದ್ಯರ ನಿಜವಾದ ಅಭಿಪ್ರಾಯವಾಗಿದ್ದರೆ, ಅದನ್ನೇ ತಾರೀಖು, ಸಹಿ, ನೋಂದಣಿ ಸಂಖ್ಯೆಯೊಂದಿಗೆ ಬರೆಸಿ. ಎಂಆರ್‌ಐ ಫಿಲ್ಮನ್ನು ರಿಸೆಪ್ಷನ್‌ನಲ್ಲಿ ಬೆಳಕಿಗೆ ಹಿಡಿದು ನೋಡುವ ಹುಡುಗನಿಗೆ ಎಲ್4 ಯಾವುದು, ಎಲ್5 ಯಾವುದು ಎಂದು ಪಾಠ ಮಾಡುವ ಹೊಣೆ ನಿಮ್ಮದಲ್ಲ.

ಇನ್ನು ಗಣಿತ. ವರ್ಷಕ್ಕೆ 18,250 ರೂಪಾಯಿ ಕಟ್ಟಿದ್ದೀರಿ, ಅಂದರೆ ದಿನಕ್ಕೆ 50. ಪತ್ರ ತಲುಪುವಾಗ 120 ದಿನ ಕಳೆದಿದ್ದರೆ ಉಳಿದದ್ದು 245 ದಿನ, ಬರಬೇಕಾದದ್ದು 12,250. ಜಿಮ್ಮಿನ ಗಣಿತ ಬೇರೆ: ‘ನೀವು ಕಟ್ಟಿದ್ದು ಆಫರ್ ರೇಟ್, ಬಿಟ್ಟರೆ ತಿಂಗಳ ರೇಟ್’. ತಿಂಗಳಿಗೆ 4,000ದಂತೆ ನಾಲ್ಕು ತಿಂಗಳಿಗೆ 16,000, ಜೊತೆಗೆ ಪ್ರೊಸೆಸಿಂಗ್ ಫೀಸು 2,000. ಉಳಿದ 250 ರೂಪಾಯಿಗೆ ಪ್ರೋಟೀನ್ ಶೇಕ್ ಕುಡಿಯಿರಿ! ಈ ಲೆಕ್ಕ ನೀವು ಸಹಿ ಹಾಕಿದ ಕಾಗದದ ಯಾವ ಷರತ್ತಿನಲ್ಲಿದೆ ಎಂದು ಲಿಖಿತವಾಗಿ ಕೇಳಿ. ಎಷ್ಟೋ ಬಾರಿ ಅದು ಕ್ಯಾಲ್ಕ್ಯುಲೇಟರ್‌ನಲ್ಲಿ ಮಾತ್ರ ಇರುತ್ತದೆ.

‘ಒಮ್ಮೆ ಕಟ್ಟಿದ ಹಣ ವಾಪಸ್ಸಿಲ್ಲ’ ಎಂದು ರಸೀದಿಯ ಬೆನ್ನಿಗೆ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಶಿಲಾಶಾಸನವಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ವನ್ನು ಪ್ರಶ್ನಿಸಲು ದಾರಿಯಿದೆ. ಹಾಗಂತ ಗೆಲುವು ಜೇಬಿನಲ್ಲಿದೆ ಎಂದೂ ಅಲ್ಲ, ಗ್ರಾಹಕ ಆಯೋಗ ಷರತ್ತನ್ನೂ ನಿಮ್ಮ ದಾಖಲೆಯನ್ನೂ ತೂಗುತ್ತದೆ.

ಇಎಂಐ ಇದ್ದರೆ ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟದ್ದು ಜಿಮ್ಮಲ್ಲ, ಹಣಕಾಸು ಸಂಸ್ಥೆ. ಡಿಸ್ಕ್ ಜೊತೆ ಕ್ರೆಡಿಟ್ ಸ್ಕೋರ್ ಕೂಡ ಜಾರುತ್ತದೆ. ರದ್ದತಿ ಪತ್ರದ ಪ್ರತಿ ಅವರಿಗೂ ಹೋಗಲಿ.

ಗಡುವು ಮುಗಿದರೂ ಜಿಮ್ ಮೌನವ್ರತದಲ್ಲಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಜಿಮ್ಮಿನಂತೆ ರಿಜಿಸ್ಟ್ರೇಷನ್ ಫೀಸು, ಲಾಕರ್ ಡಿಪಾಸಿಟ್ಟೂ ಕೇಳುವುದಿಲ್ಲ.