ಎಮಿಷನ್ ಚೀಟಿಗೆ ಹೆದರಬೇಡಿ, ಎಫ್‌ಸಿ ತಾರೀಖು ನೋಡಿಕೊಳ್ಳಿ

ನಮ್ಮ ಪಕ್ಕದ ಬೀದಿಯ ಅಣ್ಣನೊಬ್ಬರು ತರಕಾರಿ ಹೊಡೆಯೋಕೆ ಪಿಕಪ್ ಇಟ್ಟುಕೊಂಡಿದ್ದಾರೆ. ಕಳೆದ ವರ್ಷ ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗುವಾಗ ಬೈಕೊಂದು ಅಡ್ಡ ಬಂತು. ತಪ್ಪಿಸೋಕೆ ಹೋಗಿ ಬೈಕಿಗೂ ತಾಗಿತು, ಡಿವೈಡರ್‌ಗೂ ಗುದ್ದಿತು. ಬೈಕಿನವರ ಕಾಲು ಮುರಿಯಿತು. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು, ಡಿಎಲ್ ಸರಿಯಿತ್ತು. ಗ್ಯಾರೇಜಿಗೆ ಬಂದ ಸರ್ವೇಯರ್ ಫೋಟೋ ತೆಗೆದು, ಮೊಬೈಲಲ್ಲಿ ಗಾಡಿ ನಂಬರ್ ಹಾಕಿ ನೋಡಿ, "ಯಜಮಾನ್ರೇ, ಎಮಿಷನ್ನೂ ಇಲ್ಲ, ಎಫ್‌ಸಿ ಮುಗಿದೂ ಹನ್ನೆರಡು ದಿನ ಆಗಿದೆಯಲ್ಲ" ಅಂದರು. ಎಫ್‌ಸಿ ಅಂದರೆ ಗಾಡಿ ರಸ್ತೆಗಿಳಿಯೋಕೆ ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್.

ಅಣ್ಣ ರಾತ್ರಿ ನನಗೆ ಫೋನ್ ಮಾಡಿದಾಗ ಹೆದರಿದ್ದು ಎಮಿಷನ್‌ಗೆ. "ಎಫ್‌ಸಿ ಬಿಡು, ಹನ್ನೆರಡೇ ದಿನ ತಾನೇ" ಅಂದರು. ನಾನು ವರ್ಷಗಳಿಂದ ಗಾಡಿ ಇನ್ಶೂರೆನ್ಸ್ ಮಾಡಿಸಿಕೊಡುತ್ತಿದ್ದೇನೆ. ಹತ್ತರಲ್ಲಿ ಎಂಟು ಜನ ಹೀಗೇ ಉಲ್ಟಾ ತಿಳಿದುಕೊಂಡಿರುತ್ತಾರೆ.

ಎಮಿಷನ್ ವಿಷಯ ಮೊದಲು ಮುಗಿಸುತ್ತೇನೆ. ಮಾಲಿನ್ಯ ಪ್ರಮಾಣಪತ್ರ ಇಲ್ಲದೆ ಪಾಲಿಸಿ ರಿನ್ಯೂ ಮಾಡಬಾರದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನೇ ಹಿಡಿದುಕೊಂಡು 2020ರಲ್ಲಿ "ಎಮಿಷನ್ ಇಲ್ಲದಿದ್ದರೆ ಕ್ಲೇಮ್ ಇಲ್ಲ" ಅನ್ನುವ ಸುದ್ದಿ ವಾಟ್ಸಾಪಲ್ಲೆಲ್ಲ ಓಡಾಡಿತು. ಅದೇ ಆಗಸ್ಟ್‌ನಲ್ಲಿ ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಸ್ಪಷ್ಟನೆ ಕೊಟ್ಟು, ಆ ಚೀಟಿ ಇಲ್ಲ ಅನ್ನೋದು ಕ್ಲೇಮ್ ತಳ್ಳಿಹಾಕೋಕೆ ಕಾರಣವೇ ಅಲ್ಲ ಎಂದಿತು. 2024ರಲ್ಲಿ ಸುಪ್ರೀಂ ಕೋರ್ಟ್ ತನ್ನ ಆ ಹಳೆಯ ಷರತ್ತನ್ನೇ ತೆಗೆದುಹಾಕಿತು. ಪೊಲೀಸರು ದಂಡ ಹಾಕುತ್ತಾರೆ, ಅದು ಬೇರೆ ಮಾತು. ಎಮಿಷನ್ ಹೆಸರಲ್ಲಿ ಯಾರಾದರೂ ನಿಮ್ಮ ಕ್ಲೇಮ್ ನಿಲ್ಲಿಸಿದರೆ "ಬರವಣಿಗೆಯಲ್ಲಿ ಕೊಡಿ" ಅನ್ನಿ.

ಎಫ್‌ಸಿ ಕಥೆ ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಹಳದಿ ಬೋರ್ಡಿನ ಗಾಡಿಗೆ ಎಫ್‌ಸಿ ಇಲ್ಲದಿದ್ದರೆ ಅದರ ರಿಜಿಸ್ಟ್ರೇಶನ್ನೇ ಊರ್ಜಿತವಲ್ಲ. ರಿಜಿಸ್ಟ್ರೇಶನ್ ಇಲ್ಲದ ಗಾಡಿ ರಸ್ತೆಗಿಳಿದರೆ ಅದು ಪಾಲಿಸಿಯ ಮೂಲಭೂತ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಕಂಪನಿಗಳು ಇವೆರಡನ್ನೂ ಜೋಡಿಸಿ ಕ್ಲೇಮ್ ಕೊಡೋದಿಲ್ಲ ಅಂತ ಪತ್ರ ಕಳಿಸುತ್ತವೆ. ಅಣ್ಣನಿಗೂ ಬಂತು. ರಿಪೇರಿ ಎಸ್ಟಿಮೇಟ್ 1,84,000 ರೂಪಾಯಿ, ಕಂಪನಿ ಕೊಟ್ಟದ್ದು ಸೊನ್ನೆ. ಗಾಡಿ ರೆಡಿ ಮಾಡಿಸಿ, ಆರ್‌ಟಿಒಗೆ ಹೋಗಿ ಹೊಸ ಎಫ್‌ಸಿ ತಂದು ಲಗತ್ತಿಸಿದರು. ಉಪಯೋಗವಾಗಲಿಲ್ಲ. ಅಪಘಾತವಾದ ದಿನ ಎಫ್‌ಸಿ ಇತ್ತಾ ಅನ್ನೋದಷ್ಟೇ ಲೆಕ್ಕ.

ನನಗೆ ನಿದ್ದೆಗೆಡಿಸೋದು ಬೈಕಿನವರ ಕೇಸು. ಅವರಿಗೆ ಪರಿಹಾರ ತಪ್ಪುವುದು ಕಡಿಮೆ, ತಪ್ಪಲೂಬಾರದು. ಆದರೆ ಎಫ್‌ಸಿ ಇರಲಿಲ್ಲ ಅಂತ ಕಂಪನಿ ಅಪಘಾತ ಪರಿಹಾರದ ಟ್ರಿಬ್ಯುನಲ್‌ನಲ್ಲಿ ವಾದ ಹೂಡಿದರೆ, "ಮೊದಲು ನೀವು ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ" ಅನ್ನುವ ಆದೇಶ ಬರಬಹುದು. ಆರು ಲಕ್ಷದ ಅವಾರ್ಡ್ ಆದರೆ ಬಡ್ಡಿಸಮೇತ ಆ ಆರು ಲಕ್ಷ ತಿರುಗಿ ಅಣ್ಣನ ಮನೆ ಬಾಗಿಲಿಗೇ ಬರುತ್ತದೆ. ಹೈಕೋರ್ಟುಗಳಲ್ಲಿ ಈ ಬಗ್ಗೆ ಒಂದೇ ಮಾತಿಲ್ಲ. ಎಫ್‌ಸಿ ಇಲ್ಲದಿರುವುದು ಮೂಲಭೂತ ಉಲ್ಲಂಘನೆಯೇ ಅಂತ ಕೇರಳ ಹೈಕೋರ್ಟಿನ ಪೂರ್ಣಪೀಠ 2018ರಲ್ಲಿ ಹೇಳಿದೆ. ಕಂಪನಿ ಎತ್ತಬಹುದಾದ ತಕರಾರುಗಳನ್ನು ಕಾಯ್ದೆಯೇ ಪಟ್ಟಿ ಮಾಡಿದೆ, ಅದರಲ್ಲಿ ಎಫ್‌ಸಿ ಹೆಸರೇ ಇಲ್ಲ ಅನ್ನುವ ವಾದವೂ ಇದೆ. ಹಾಗಾಗಿ ಟ್ರಿಬ್ಯುನಲ್ ನೋಟಿಸ್ ಬಂದಾಗ "ಇನ್ಶೂರೆನ್ಸ್‌ನವರು ನೋಡಿಕೊಳ್ತಾರೆ" ಅಂತ ಮನೆಯಲ್ಲಿ ಕೂರಬೇಡಿ. ಇಂಥ ಕೇಸಲ್ಲಿ ಕಂಪನಿಯ ವಕೀಲರು ನಿಮ್ಮ ಪರ ಇರುವುದಿಲ್ಲ. ನಿಮ್ಮದೇ ವಕೀಲರನ್ನಿಟ್ಟುಕೊಳ್ಳಿ.

ಹನ್ನೆರಡು ದಿನದ ತಪ್ಪಿಗೆ ರಿಪೇರಿ ಹಣ ಪೂರ್ತಿ ಕೊಡದಿರುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಬ್ರೇಕ್ ಫೇಲ್ ಆಗಿ ಗುದ್ದಿದ್ದರೆ ಒಪ್ಪುತ್ತಿದ್ದೆ. ಆದರೆ ಅಪಘಾತದ ಮೇಲೆ ಗಾಡಿ ಪರೀಕ್ಷಿಸಿದ ಮೋಟಾರು ವಾಹನ ನಿರೀಕ್ಷಕರು, ಯಾಂತ್ರಿಕ ದೋಷದಿಂದ ಆದದ್ದಲ್ಲ ಅಂತ ಸ್ಪಷ್ಟವಾಗಿ ಬರೆದುಕೊಟ್ಟಿದ್ದಾರೆ. ಅಣ್ಣನ ಕೈಲಿರುವ ಗಟ್ಟಿ ಕಾಗದ ಅದೊಂದೇ. ಪೊಲೀಸ್ ಠಾಣೆಯಿಂದ ಅದರ ನಕಲನ್ನು ತಪ್ಪದೆ ತೆಗೆದುಕೊಳ್ಳಿ. ಪಾಲಿಸಿ ಷರತ್ತು ಮುರಿದಿದ್ದರೂ ಕ್ಲೇಮ್ ಪೂರ್ತಿ ತಳ್ಳದೆ 'ನಾನ್-ಸ್ಟ್ಯಾಂಡರ್ಡ್' ಲೆಕ್ಕದಲ್ಲಿ 75 ಶೇಕಡದವರೆಗೆ ಕೊಡಬಹುದು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಬಗೆಯ ಉಲ್ಲಂಘನೆಯ ಕೇಸಲ್ಲಿ ಹೇಳಿತ್ತು. ಅದನ್ನೇ ಆಧರಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಎರಡು ವರ್ಷದೊಳಗೆ ಹೋಗಬೇಕು, ಆ ಗಡುವು ನೆನಪಿರಲಿ. ಗೆಲ್ಲುತ್ತೇವೆ ಅಂತ ನಾನು ಅಣ್ಣನಿಗೆ ಮಾತು ಕೊಟ್ಟಿಲ್ಲ.

ಹೊಸ ಸರಕು ಗಾಡಿಗೆ ಎಫ್‌ಸಿ ಎರಡು ವರ್ಷ, ಎಂಟು ವರ್ಷ ತುಂಬುವವರೆಗೂ ಎರಡೆರಡು ವರ್ಷ, ಆಮೇಲೆ ವರ್ಷಕ್ಕೊಮ್ಮೆ. ತಪ್ಪುವುದು ಹೆಚ್ಚಾಗಿ ಈ ಎಂಟನೇ ವರ್ಷದಲ್ಲೇ, ಎರಡು ವರ್ಷದ ಲೆಕ್ಕ ತಲೆಯಲ್ಲಿ ಕೂತಿರುತ್ತದೆ. ಬಿಳಿ ಬೋರ್ಡಿನ ಕಾರಿನವರು "ನಮಗೇನೂ ಇಲ್ಲ" ಅನ್ನಬೇಡಿ. 15 ವರ್ಷ ಮುಗಿದ ಕಾರಿಗೆ ನಾವು ಎಫ್‌ಸಿ ಅನ್ನುವುದು ಆರ್‌ಸಿ ನವೀಕರಣವನ್ನೇ. ಅದು ಮುಗಿದ ಕಾರನ್ನು ಓಡಿಸಿ ಗುದ್ದಿಸಿಕೊಂಡರೆ ಕಂಪನಿ ಬರೆಯೋದು ಅಣ್ಣನಿಗೆ ಬರೆದ ಪತ್ರವನ್ನೇ. ಅಪ್ಪನ ಹಳೇ ಕಾರು ಮನೆಯಲ್ಲಿದ್ದರೆ ಇವತ್ತೇ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ನೋಡಿ. ಮುಗಿದಿದ್ದರೆ ಆರ್‌ಟಿಒ ಕೆಲಸ ಆಗುವವರೆಗೂ ಕೀ ಗೋಡೆಯ ಮೊಳೆಗೇ ನೇತುಹಾಕಿರಿ.